ಬಿಗ್-ಓ, ಒಮೆಗಾ, ಥೀಟಾ: ಸ್ಥಿರಾಂಕ ಜಾರುವ ಜಾಗಗಳು

ಬಿಗ್-ಓ, ಬಿಗ್-ಒಮೆಗಾ, ಬಿಗ್-ಥೀಟಾ ಎಂಬ ಮೂರು ಗುರುತುಗಳು ಒಂದು ಲೆಕ್ಕ ಎಷ್ಟು ದೊಡ್ಡದು ಎಂದು ಹೇಳುವುದಿಲ್ಲ. ಅದು ಯಾವ ವೇಗದಲ್ಲಿ ಬೆಳೆಯುತ್ತದೆ ಎಂದು ಹೇಳುತ್ತವೆ. ಕಂಪ್ಯೂಟರ್ ವಿಜ್ಞಾನದಲ್ಲಿ ಆ ಲೆಕ್ಕವೆಂದರೆ ಹೆಚ್ಚಾಗಿ ಒಂದು ಅಲ್ಗಾರಿದಮ್ ಇಡುವ ಹೆಜ್ಜೆಗಳ ಸಂಖ್ಯೆ. ಇನ್‌ಪುಟ್‌ನ ಗಾತ್ರವನ್ನು n ಎಂದುಕೊಂಡರೆ, O(n²) ಎಂದಾಗ ‘n² ಬೆಳೆಯುವುದಕ್ಕಿಂತ ವೇಗವಾಗಿ ಇದು ಬೆಳೆಯುವುದಿಲ್ಲ’ ಎಂದರ್ಥ. Ω(n²) ಎಂದಾಗ ‘ಅದಕ್ಕಿಂತ ನಿಧಾನವಾಗಿಯೂ ಬೆಳೆಯುವುದಿಲ್ಲ’ ಎಂದರ್ಥ. ಎರಡೂ ನಿಜವಾದಾಗ ಮಾತ್ರ Θ(n²). ಮೊದಲಿನದು ಮೇಲ್ಮಿತಿ, ಎರಡನೆಯದು ಕೆಳಮಿತಿ, ಮೂರನೆಯದು ಎರಡರ ನಡುವೆ ಬಿಗಿಯಾಗಿ ಹಿಡಿದಿಟ್ಟ ಸ್ಥಿತಿ.

ಮೂರೂ ಒಟ್ಟಿಗೆ ಹುಟ್ಟಿದವಲ್ಲ. O ಅಕ್ಷರವನ್ನು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಪೌಲ್ ಬಾಖ್‌ಮನ್ 1894ರಲ್ಲಿ ಬಳಸಿದ. ಎಡ್ಮಂಡ್ ಲಾಂಡಾವು 1909ರಲ್ಲಿ ಅದನ್ನು ಕೈಗೆತ್ತಿಕೊಂಡು ಬಳಕೆಗೆ ತಂದ. ಆಗ ಕಂಪ್ಯೂಟರ್ ಇರಲಿಲ್ಲ, ಅವಿಭಾಜ್ಯ ಸಂಖ್ಯೆಗಳ ಎಣಿಕೆಯಲ್ಲಿ ಉಳಿಯುವ ಚಿಲ್ಲರೆ ದೋಷ ಎಷ್ಟು ಎಂದು ಹೇಳಲು ಅವರಿಗೆ ಒಂದು ಗುರುತು ಬೇಕಿತ್ತು. Ω ಬಂದದ್ದು 1914ರಲ್ಲಿ, ಹಾರ್ಡಿ ಮತ್ತು ಲಿಟ್ಲ್‌ವುಡ್ ಅವರಿಂದ. ಆದರೆ ಅದರ ಅರ್ಥ ಇಂದಿನ ಪಠ್ಯಪುಸ್ತಕದ ಅರ್ಥವಲ್ಲ. ಅಲ್ಗಾರಿದಮ್‌ಗಳ ಮಾತಿಗೆ ಹೊಂದುವಂತೆ Ω ಮತ್ತು Θಗಳನ್ನು ಈಗಿರುವ ರೂಪದಲ್ಲಿ ನಿಲ್ಲಿಸಿದವರು ಡೊನಾಲ್ಡ್ ನೂತ್, 1976ರಲ್ಲಿ. ಜನ ಕೆಳಮಿತಿಯನ್ನು ಹೇಳಲೂ O ಅನ್ನೇ ಬಳಸುತ್ತಿದ್ದುದು ಅವರಿಗೆ ಸರಿಬಂದಿರಲಿಲ್ಲ. ಆ ಅಭ್ಯಾಸ ಇನ್ನೂ ಹೋಗಿಲ್ಲ.

ವ್ಯಾಖ್ಯೆ ಒಂದೇ ಸಾಲಿನದು. f(n) = O(g(n)) ಎನ್ನಬೇಕಾದರೆ c ಎಂಬ ಒಂದು ಧನ ಸ್ಥಿರಾಂಕವೂ n₀ ಎಂಬ ಒಂದು ಆರಂಭದ ಬಿಂದುವೂ ಸಿಗಬೇಕು; n₀ ದಾಟಿದ ಮೇಲೆ ಬರುವ ಪ್ರತಿಯೊಂದು nಗೂ f(n) ≤ c·g(n) ಆಗಬೇಕು. Ωಕ್ಕೆ ಅದೇ ಮಾತು, ಚಿಹ್ನೆ ಮಾತ್ರ ತಿರುಗಿ f(n) ≥ c·g(n). ಇಲ್ಲಿ ಗಮನಿಸಬೇಕಾದದ್ದು ಹೆಸರಿಸುವ ಕ್ರಮ. ಮೊದಲು c, n₀ ನಿಗದಿಯಾಗುತ್ತವೆ, ಆಮೇಲೆ n ಓಡಲು ಶುರುಮಾಡುತ್ತದೆ. n ಓಡಿದ ಮೇಲೆ cಯನ್ನು ಮುಟ್ಟುವಂತಿಲ್ಲ. ಮುಂದೆ ಕಾಣುವ ತಪ್ಪುಗಳಲ್ಲಿ ಅರ್ಧದಷ್ಟು ಈ ಒಂದು ಷರತ್ತನ್ನು ಮರೆತದ್ದರಿಂದ ಬಂದವು. ಉಳಿದರ್ಧ, ಯಾವ ದಿಕ್ಕಿನ ಮಿತಿಯನ್ನು ಸಾಧಿಸಿದ್ದೇವೆ ಎಂಬುದನ್ನು ಮರೆತದ್ದರಿಂದ.

ಪರಿಚಿತ ಕೆಲಸವೊಂದನ್ನು ತೆಗೆದುಕೊಳ್ಳಬಹುದು. ಮೇಷ್ಟ್ರ ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟಿದೆ, ಅದನ್ನು ಕ್ರಮಸಂಖ್ಯೆಯ ಪ್ರಕಾರ ಜೋಡಿಸಬೇಕು. ಮೊದಲ ಪತ್ರಿಕೆಯನ್ನು ಪಕ್ಕಕ್ಕಿಟ್ಟು, ಮುಂದಿನದನ್ನು ಕೈಗೆತ್ತಿಕೊಂಡು, ಆಗಲೇ ಜೋಡಿಸಿಟ್ಟ ಸಾಲಿನಲ್ಲಿ ಹಿಂದಿನಿಂದ ಒಂದೊಂದಾಗಿ ಹೋಲಿಸುತ್ತ ಅದರ ಜಾಗ ಸಿಕ್ಕಿದಲ್ಲಿ ತೂರಿಸುವುದು ಒಂದು ವಿಧಾನ. ಇದಕ್ಕೆ ಇನ್ಸರ್ಷನ್ ಸಾರ್ಟ್ ಎಂದು ಹೆಸರು. ಕಟ್ಟು ಪೂರ್ತಿ ತಲೆಕೆಳಗಾಗಿ ಬಂದಿದ್ದರೆ ಎರಡನೇ ಪತ್ರಿಕೆಗೆ 1 ಹೋಲಿಕೆ, ಮೂರನೆಯದಕ್ಕೆ 2, ಕೊನೆಯದಕ್ಕೆ n−1. ಒಟ್ಟು n(n−1)/2. ಒಂದು ತರಗತಿಯ 40 ಪತ್ರಿಕೆಗಳಿಗೆ 780 ಹೋಲಿಕೆಗಳು. ಕಟ್ಟು ಮೊದಲೇ ಸರಿಯಾಗಿ ಜೋಡಣೆಯಾಗಿದ್ದರೆ ಪ್ರತಿ ಪತ್ರಿಕೆಗೂ ಒಂದೊಂದೇ ಹೋಲಿಕೆ, ಒಟ್ಟು 39.

n(n−1)/2 ಎಂಬುದು Θ(n²) ಎಂದು ತೋರಿಸುವುದಕ್ಕೆ ಎರಡು ಪ್ರತ್ಯೇಕ ಸಾಧನೆಗಳು ಬೇಕು. ಮೇಲ್ಮಿತಿ ಸುಲಭ: n−1 ಯಾವಾಗಲೂ nಗಿಂತ ಚಿಕ್ಕದು, ಹಾಗಾಗಿ n(n−1)/2 ≤ n²/2. ಇಲ್ಲಿ c = 1/2, n₀ = 1. ಕೆಳಮಿತಿಗೆ ಸ್ವಲ್ಪ ಯೋಚಿಸಬೇಕು. ಕಳೆಯಬೇಕಾದ ಆ ಒಂದು ತೊಂದರೆ ಕೊಡುತ್ತದೆ, c = 1/2 ಇಟ್ಟರೆ ಅಸಮಾನತೆ ಎಂದೂ ನಿಲ್ಲುವುದಿಲ್ಲ. ಆದ್ದರಿಂದ cಯನ್ನು ಸ್ವಲ್ಪ ಕೆಳಗಿಳಿಸಬೇಕು. n ಎರಡಾದರೂ ಇದ್ದರೆ n−1 ≥ n/2, ಹಾಗಾಗಿ n(n−1)/2 ≥ n²/4. ಇಲ್ಲಿ c = 1/4, n₀ = 2. ಮೇಲಿನ cಯೂ ಕೆಳಗಿನ cಯೂ ಬೇರೆಬೇರೆ ಎಂಬುದರಲ್ಲಿ ತಪ್ಪೇನಿಲ್ಲ, ಅವು ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಎರಡನ್ನೂ ಒಂದೇ c ಎಂದು ಬರೆದುಕೊಂಡು ಒದ್ದಾಡುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಸಿಗುತ್ತಾರೆ.

ಈ ಉದಾಹರಣೆಯಲ್ಲೇ ಅತಿ ಸಾಮಾನ್ಯವಾದ ಗೊಂದಲವೂ ಅಡಗಿದೆ. O ಎಂದರೆ ಅತಿ ಕೆಟ್ಟ ಸಂದರ್ಭ, Ω ಎಂದರೆ ಅತಿ ಒಳ್ಳೆಯ ಸಂದರ್ಭ, Θ ಎಂದರೆ ಸರಾಸರಿ ಎಂಬ ಒಂದು ಪಾಠ ತರಗತಿಯಿಂದ ತರಗತಿಗೆ ಸಾಗಿಬಂದಿದೆ. ಅದು ತಪ್ಪು, ಮೂರಕ್ಕೆ ಮೂರೂ ತಪ್ಪು. ಸಂದರ್ಭ ಬೇರೆ, ಮಿತಿ ಬೇರೆ. ಅತಿ ಕೆಟ್ಟ ಸಂದರ್ಭದ ಹೋಲಿಕೆಗಳು n(n−1)/2 ಎಂಬುದು n ಮೇಲೆ ನಿಂತ ಒಂದು ಫಂಕ್ಷನ್. ಅತಿ ಒಳ್ಳೆಯ ಸಂದರ್ಭದ n−1 ಎಂಬುದು ಇನ್ನೊಂದು ಫಂಕ್ಷನ್. ಮೊದಲು ಯಾವ ಫಂಕ್ಷನ್ ಎಂದು ಆರಿಸಿಕೊಳ್ಳಬೇಕು, ಆಮೇಲೆ ಅದಕ್ಕೆ ಮೇಲ್ಮಿತಿಯನ್ನೋ ಕೆಳಮಿತಿಯನ್ನೋ ಕೊಡಬೇಕು. ಅತಿ ಒಳ್ಳೆಯ ಸಂದರ್ಭಕ್ಕೂ O ಹೇಳಬಹುದು, ಅತಿ ಕೆಟ್ಟ ಸಂದರ್ಭಕ್ಕೂ Ω ಹೇಳಬಹುದು. ನಿಜಕ್ಕೂ ಉಪಯೋಗಕ್ಕೆ ಬರುವ ಫಲಿತಾಂಶಗಳು ಹಲವು ಸಲ ಆ ಎರಡನೆಯ ಬಗೆಯವೇ. ಎರಡೆರಡನ್ನು ಹೋಲಿಸಿಯೇ ಜೋಡಿಸುವ ಯಾವ ವಿಧಾನವೂ ಅತಿ ಕೆಟ್ಟ ಸಂದರ್ಭದಲ್ಲಿ Ω(n log n) ಹೋಲಿಕೆಗಳನ್ನು ತಪ್ಪಿಸಿಕೊಳ್ಳಲಾರದು ಎಂಬ ಪ್ರಸಿದ್ಧ ಪ್ರಮೇಯ ಕೆಟ್ಟ ಸಂದರ್ಭಕ್ಕೆ ಕೊಟ್ಟ ಕೆಳಮಿತಿಯೇ.

ಹೀಗಾಗಿ ‘ಇನ್ಸರ್ಷನ್ ಸಾರ್ಟ್ O(n²)’ ಎಂಬ ಮಾತು ಯಾವ ಷರತ್ತೂ ಇಲ್ಲದೆ ನಿಜ, ಎಂಥ ಕಟ್ಟು ಬಂದರೂ n²ರ ಅಳತೆಯನ್ನು ಅದು ಮೀರುವುದಿಲ್ಲ. ‘ಇನ್ಸರ್ಷನ್ ಸಾರ್ಟ್ Ω(n)’ ಎಂಬುದೂ ಹಾಗೆಯೇ ನಿಜ. ಆದರೆ ‘ಇನ್ಸರ್ಷನ್ ಸಾರ್ಟ್ Θ(n²)’ ಎಂದಷ್ಟೇ ಬರೆದರೆ ಸುಳ್ಳು, ಮೊದಲೇ ಜೋಡಣೆಯಾದ ಕಟ್ಟು ಅದನ್ನು ಮುರಿಯುತ್ತದೆ. ‘ಅತಿ ಕೆಟ್ಟ ಸಂದರ್ಭದಲ್ಲಿ’ ಎಂಬ ಎರಡು-ಮೂರು ಪದ ಸೇರಿಸಿದ ಕೂಡಲೇ ಅದೇ ವಾಕ್ಯ ನಿಜವಾಗುತ್ತದೆ.

ಸಾಧನೆಯ ಭಾರವೂ ಎರಡು ದಿಕ್ಕಿಗೆ ಒಂದೇ ಅಲ್ಲ. ಕೆಟ್ಟ ಸಂದರ್ಭದ ಮೇಲ್ಮಿತಿ ಹೇಳಬೇಕಾದರೆ ಆ ಗಾತ್ರದ ಪ್ರತಿಯೊಂದು ಇನ್‌ಪುಟ್‌ಗೂ ಉತ್ತರ ಹೇಳಬೇಕು, ಒಂದೂ ತಪ್ಪಿಸಿಕೊಳ್ಳಬಾರದು. ಕೆಟ್ಟ ಸಂದರ್ಭದ ಕೆಳಮಿತಿಗೆ ಪ್ರತಿ ಗಾತ್ರಕ್ಕೂ ಒಂದೇ ಒಂದು ಕೆಟ್ಟ ಇನ್‌ಪುಟ್ ತೋರಿಸಿದರೆ ಸಾಕು. ತಲೆಕೆಳಗಾದ ಕಟ್ಟು ಆ ಕೆಲಸ ಮಾಡಿತು. ಇದನ್ನು ಅದಲುಬದಲು ಮಾಡಿ, ಒಂದು ಇನ್‌ಪುಟ್‌ನ ಮೇಲೆ ಎಣಿಸಿ ನೋಡಿ ‘ಆದ್ದರಿಂದ O(n²)’ ಎಂದು ಬರೆಯುವುದು ಉತ್ತರಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಆ ಇನ್‌ಪುಟ್ಟೇ ಅತಿ ಕೆಟ್ಟದ್ದು ಎಂಬುದನ್ನು ಸಾಧಿಸದಿದ್ದರೆ ಅಲ್ಲಿ ಮೇಲ್ಮಿತಿ ಸಿಕ್ಕಿಲ್ಲ.

ದಿಕ್ಕಿನ ತಪ್ಪು ಭಾಷೆಯಲ್ಲೂ ನುಸುಳುತ್ತದೆ. ‘ಈ ಅಲ್ಗಾರಿದಮ್‌ಗೆ ಕನಿಷ್ಠ O(n²) ಕಾಲ ಬೇಕು’ ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ. O(n²) ಎಂಬ ಗುಂಪಿನಲ್ಲಿ n ಕೂಡ ಇದೆ, log n ಕೂಡ ಇದೆ, 1 ಕೂಡ ಇದೆ; ಅವುಗಳಲ್ಲಿ ಯಾವುದೋ ಒಂದಕ್ಕಿಂತ ಕಡಿಮೆಯಿಲ್ಲ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಹೇಳಬೇಕಾಗಿದ್ದುದು Ω(n²). ಸಮಚಿಹ್ನೆಯೂ ಮೋಸ ಮಾಡುತ್ತದೆ. n = O(n²) ಎಂದೂ n² = O(n²) ಎಂದೂ ಬರೆಯುತ್ತಾರೆ, ಎರಡೂ ಸರಿ. ಹಾಗೆಂದು n = n² ಆಗಿಬಿಡಲಿಲ್ಲ. ಇಲ್ಲಿನ ‘=’ ಎಡದಿಂದ ಬಲಕ್ಕೆ ಮಾತ್ರ ಓದಬೇಕಾದದ್ದು, ‘ಈ ಗುಂಪಿಗೆ ಸೇರಿದೆ’ ಎಂಬ ಅರ್ಥದ್ದು. ಬಾಖ್‌ಮನ್ ಕಾಲದಿಂದ ಬಂದ ಈ ಬರಹ ಗಣಿತದ ಅತಿ ಕೆಟ್ಟ ಸಂಪ್ರದಾಯಗಳಲ್ಲಿ ಒಂದು ಎಂದರೆ ತಪ್ಪಾಗದು. ಆದರೂ ಬಿಟ್ಟುಹೋಗದು.

ಇನ್ನೊಂದು ಅವಸರದ ತೀರ್ಮಾನ ಲೂಪುಗಳದ್ದು. ಲೂಪಿನೊಳಗೆ ಲೂಪು ಕಂಡರೆ Θ(n²) ಎಂದು ಬರೆದುಬಿಡುವುದು. ಕೆಳಗಿನ ತುಣುಕನ್ನು ನೋಡಬಹುದು:

```
count = 0
for i in range(1, n+1):
    for j in range(i, n+1, i):
        count += 1
```

ಹೊರಗಿನ ಲೂಪು n ಸಲ ಸುತ್ತುತ್ತದೆ, ಒಳಗಿನದು ಹೆಚ್ಚೆಂದರೆ n ಸಲ. ಹಾಗಾಗಿ O(n²) ಎಂಬುದು ನಿಜ, ಅದರಲ್ಲಿ ಅನುಮಾನವಿಲ್ಲ. ಆದರೆ n = 1000 ಇಟ್ಟು ಓಡಿಸಿದರೆ count ಹತ್ತು ಲಕ್ಷದ ಹತ್ತಿರಕ್ಕೂ ಬರುವುದಿಲ್ಲ, 7069ಕ್ಕೆ ನಿಲ್ಲುತ್ತದೆ. ಕಾರಣ, ಒಳಗಿನ ಲೂಪು i ಹೆಜ್ಜೆಯ ನೆಗೆತದಲ್ಲಿ ಹೋಗುತ್ತದೆ, ಹಾಗಾಗಿ ಅದು ಸುತ್ತುವುದು ಸುಮಾರು n/i ಸಲ ಮಾತ್ರ.

ನಿಜವಾದ ಅಳತೆ ತಿಳಿಯಲು iಗಳನ್ನು ಗುಂಪು ಮಾಡಬೇಕು: 1 ಒಂದು ಗುಂಪು, 2–3 ಇನ್ನೊಂದು, 4–7, 8–15 ಹೀಗೆ, ಪ್ರತಿ ಗುಂಪು ಹಿಂದಿನದರ ಎರಡರಷ್ಟು. 4ರಿಂದ 7ರವರೆಗಿನ ನಾಲ್ಕೂ iಗಳು ತಲಾ n/4ಕ್ಕಿಂತ ಹೆಚ್ಚು ಸುತ್ತು ಕೊಡಲಾರವು, ಹಾಗಾಗಿ ಗುಂಪಿನ ಒಟ್ಟು n ದಾಟುವುದಿಲ್ಲ. ಎಲ್ಲ ಗುಂಪಿಗೂ ಇದೇ ಮಾತು. 1000ದವರೆಗೆ ಇಂಥ 10 ಗುಂಪುಗಳಿವೆ, ಆದ್ದರಿಂದ ಒಟ್ಟು 10,000 ಮೀರದು. ಸಾಮಾನ್ಯವಾಗಿ ಹೇಳುವುದಾದರೆ n(log₂ n + 1)ರ ಒಳಗೆ, ಅಂದರೆ O(n log n). ಕೆಳಗಿನಿಂದಲೂ ಹೀಗೆಯೇ ಹಿಡಿಯಬಹುದು: ಪೂರ್ತಿ ತುಂಬಿದ ಪ್ರತಿ ಗುಂಪೂ ಕನಿಷ್ಠ n/4 ಸುತ್ತು ಕೊಟ್ಟೇ ಕೊಡುತ್ತದೆ. ಹಾಗಾಗಿ ಉತ್ತರ Θ(n log n). ಲೂಪುಗಳ ಗುಣಾಕಾರ ಕೊಟ್ಟದ್ದು ಮೇಲ್ಮಿತಿ ಮಾತ್ರ, ಅದೂ ಸಡಿಲವಾದದ್ದು. Θ ಎಂದು ಬರೆದಾಗ ಸಾಧಿಸದ ಅರ್ಧವನ್ನು ಸುಮ್ಮನೆ ಸೇರಿಸಿದಂತಾಯಿತು, ಮತ್ತು ಆ ಅರ್ಧ ಇಲ್ಲಿ ಸುಳ್ಳಾಗಿತ್ತು.

ಕೆಲವು ಲೆಕ್ಕಗಳಿಗೆ ಬಿಗಿಯಾದ Θ ಸರಳ ರೂಪದಲ್ಲಿ ಸಿಗುವುದೇ ಇಲ್ಲ. N ಅವಿಭಾಜ್ಯವೇ ಎಂದು ನೋಡಲು 2, 3, 4 ಎಂದು √Nವರೆಗೆ ಭಾಗಿಸುತ್ತ ಹೋಗಿ, ಭಾಗವಾದ ಕೂಡಲೇ ನಿಲ್ಲಿಸುವ ವಿಧಾನವನ್ನು ತೆಗೆದುಕೊಂಡರೆ, ಸಮಸಂಖ್ಯೆ ಬಂದಾಗ ಒಂದೇ ಭಾಗಾಕಾರದಲ್ಲಿ ಕೆಲಸ ಮುಗಿಯುತ್ತದೆ. ಅವಿಭಾಜ್ಯ ಬಂದಾಗ √Nವರೆಗೂ ಹೋಗಬೇಕು. ಸಮಸಂಖ್ಯೆಗಳೂ ಮುಗಿಯುವುದಿಲ್ಲ, ಅವಿಭಾಜ್ಯಗಳೂ ಮುಗಿಯುವುದಿಲ್ಲ; ಲೆಕ್ಕ ಕೊನೆಯವರೆಗೂ ಮೇಲೆ ಕೆಳಗೆ ಜಿಗಿಯುತ್ತಲೇ ಇರುತ್ತದೆ. ಇದು O(√N), ಮತ್ತು Ω(1). ಇನ್ನೂ ಮೇಲಿನ ಕೆಳಮಿತಿ ಇಲ್ಲ. ಹಾರ್ಡಿ–ಲಿಟ್ಲ್‌ವುಡ್ ಅರ್ಥ ಹಿಡಿದರೆ ಇದೇ ಲೆಕ್ಕ Ω(√N) ಆಗುತ್ತದೆ, ಏಕೆಂದರೆ ಅವರಿಗೆ ‘ಅನಂತ ಸಲ ಅಷ್ಟು ಎತ್ತರಕ್ಕೆ ಮುಟ್ಟಿದರೆ’ ಸಾಕಿತ್ತು. ನೂತ್ ಅವರ ಅರ್ಥದಲ್ಲಿ n₀ ದಾಟಿದ ಪ್ರತಿಯೊಂದಕ್ಕೂ ಮುಟ್ಟಬೇಕು. ಸಂಖ್ಯಾಶಾಸ್ತ್ರದ ಹಳೆಯ ಪುಸ್ತಕವನ್ನೂ ಅಲ್ಗಾರಿದಮ್ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಓದುವವರು ಇದನ್ನು ನೆನಪಿಡಬೇಕು.

ಇಷ್ಟರವರೆಗಿನವು ದಿಕ್ಕಿನ ತಪ್ಪುಗಳು, ತೋರಿಸಿಕೊಟ್ಟರೆ ಕೂಡಲೇ ಕಾಣುತ್ತವೆ. ಸ್ಥಿರಾಂಕ ಜಾರುವ ತಪ್ಪು ಹಾಗಲ್ಲ, ಸಾಲು ಸಾಲಾಗಿ ಓದಿದರೂ ಸರಿಯಾಗಿಯೇ ಕಾಣುತ್ತದೆ. ಬೆತ್ತಲೆಯಾಗಿ ಕಾಣುವ ರೂಪ ಇದು: n³ = O(n²), ಏಕೆಂದರೆ c = n ಎಂದಿಟ್ಟರೆ n³ ≤ c·n². ಇದನ್ನು ಯಾರೂ ಒಪ್ಪುವುದಿಲ್ಲ. ಆದರೆ 2²ⁿ = O(2ⁿ) ಎಂದಾಗ ಒಪ್ಪುವವರು ಬೇಕಾದಷ್ಟು ಜನ, ‘2 ಬರೀ ಸ್ಥಿರಾಂಕ, ಬಿಡಬಹುದು’ ಎಂಬ ಅಭ್ಯಾಸಬಲದಿಂದ. 2²ⁿ ≤ c·2ⁿ ಎಂದರೆ 2ⁿ ≤ c ಎಂದಂತೆ. ನಿಂತ ಯಾವ cಯನ್ನೂ 2ⁿ ದಾಟಿಹೋಗುತ್ತದೆ. ಘಾತದಲ್ಲಿ ಗುಣಿಸಿದ 2 ಬಿಡುವಂಥದ್ದಲ್ಲ. ಘಾತಕ್ಕೆ ಕೂಡಿಸಿದ 1 ಮಾತ್ರ ಬಿಡಬಹುದು, ಏಕೆಂದರೆ 2ⁿ⁺¹ ಎಂದರೆ ನೇರವಾಗಿ 2·2ⁿ.

ಈ ಜಾರುವಿಕೆ ಅತ್ಯಂತ ಚೆನ್ನಾಗಿ ಅಡಗುವುದು ಇಂಡಕ್ಷನ್‌ನಲ್ಲಿ, ಅಂದರೆ ಗಣಿತಾನುಗಮನದ ಸಾಧನೆಯಲ್ಲಿ. ಉತ್ತರಪತ್ರಿಕೆಗಳ ಕಟ್ಟನ್ನು ಎರಡು ಪಾಲು ಮಾಡಿ, ಪ್ರತಿ ಪಾಲನ್ನೂ ಅದೇ ರೀತಿ ಜೋಡಿಸಿ, ಆಮೇಲೆ ಎರಡು ಸಾಲುಗಳನ್ನು ಹೆಣೆದು ಒಂದು ಮಾಡುವ ವಿಧಾನ ಮರ್ಜ್ ಸಾರ್ಟ್. ಹೆಣೆಯುವುದಕ್ಕೆ ಸುಮಾರು n ಹೆಜ್ಜೆ. ಹಾಗಾಗಿ ಒಟ್ಟು ಕೆಲಸ T(n) = 2T(n/2) + n. ಒಂದೇ ಪತ್ರಿಕೆಯಿದ್ದರೆ T(1) = 1 ಎಂದಿಟ್ಟುಕೊಳ್ಳಬಹುದು; n ಎರಡರ ಘಾತವೆಂದೂ ಇಟ್ಟುಕೊಂಡರೆ ಲೆಕ್ಕ ಸಲೀಸು.

ಈಗ ಒಂದು ‘ಸಾಧನೆ’. T(n) = O(n) ಎಂದು ಊಹೆ. ಚಿಕ್ಕ ಗಾತ್ರಗಳಿಗೆ ಇದು ನಿಜವೆಂದುಕೊಂಡರೆ T(n/2) ≤ c·n/2. ಅದನ್ನು ಸಮೀಕರಣದಲ್ಲಿಟ್ಟರೆ T(n) ≤ 2·c·n/2 + n = cn + n = (c+1)n. c+1 ಕೂಡ ಸ್ಥಿರಾಂಕವೇ. ಹಾಗಾಗಿ T(n) = O(n). ಸಾಧಿಸಿದಂತಾಯಿತು.

ಇದು ನಿಜವಾದರೆ ಹೋಲಿಕೆಯ ಮೇಲೆ ನಿಂತ ಮರ್ಜ್ ಸಾರ್ಟ್ ಮೇಲೆ ಹೇಳಿದ Ω(n log n) ಪ್ರಮೇಯವನ್ನೇ ಮುರಿದಂತೆ. ತಪ್ಪು ಎಲ್ಲಿದೆ ಎಂದು ಪ್ರತಿ ಸಾಲನ್ನು ಬೇರೆಬೇರೆಯಾಗಿ ಪರೀಕ್ಷಿಸಿದರೆ ಸಿಗುವುದಿಲ್ಲ, ಬೀಜಗಣಿತವೆಲ್ಲ ಸರಿ. ತಪ್ಪಿರುವುದು ‘c+1 ಕೂಡ ಸ್ಥಿರಾಂಕವೇ’ ಎಂಬಲ್ಲಿ. ಊಹಿಸಿದ್ದು cn, ಸಾಧಿಸಿದ್ದು (c+1)n. ಅನುಗಮನದಲ್ಲಿ ಊಹಿಸಿದ್ದನ್ನೇ, ಅದೇ cಯೊಂದಿಗೆ, ಮರಳಿ ಪಡೆಯಬೇಕು. ಇಲ್ಲವಾದರೆ ಗಾತ್ರ ಎರಡರಷ್ಟಾದಾಗಲೆಲ್ಲ c ಒಂದೊಂದು ಮೆಟ್ಟಿಲು ಮೇಲೇರುತ್ತದೆ.

ಸಂಖ್ಯೆಗಳನ್ನು ಬಿಡಿಸಿ ನೋಡಿದರೆ ಇದು ಕಣ್ಣಿಗೇ ಬೀಳುತ್ತದೆ. T(1) = 1, T(2) = 4, T(4) = 12, T(8) = 32, T(16) = 80. ಪ್ರತಿಯೊಂದನ್ನೂ nನಿಂದ ಭಾಗಿಸಿದರೆ 1, 2, 3, 4, 5. ಸುಳ್ಳು ಸಾಧನೆಯಲ್ಲಿ c ಹತ್ತಿದ ಮೆಟ್ಟಿಲುಗಳೇ ಇವು, ಒಂದೂ ಹೆಚ್ಚುಕಡಿಮೆಯಿಲ್ಲ. n = 1024 ಬರುವಷ್ಟರಲ್ಲಿ c 11ಕ್ಕೆ ಏರಿರುತ್ತದೆ, T(1024) = 11,264. ಸೋರಿಹೋದ ಆ ಒಂದೊಂದೇ ಒಟ್ಟು ಸೇರಿ log₂ n ಆಗುತ್ತದೆ. ಸುಳ್ಳು ಸಾಧನೆ ಯಾವ ಅಂಶವನ್ನು ಮುಚ್ಚಿಟ್ಟಿತೋ, ಅದರ ಸೋರಿಕೆಯನ್ನು ಎಣಿಸಿದರೆ ಅದೇ ಅಂಶ ಕೈಗೆ ಸಿಗುತ್ತದೆ.

ಇದೇ ರೋಗದ ಅತಿ ಚಿಕ್ಕ ರೂಪವೊಂದಿದೆ. 1 = O(1). n−1 = O(1) ಆಗಿದ್ದರೆ n = (n−1) + 1 = O(1) + O(1) = O(1). ಆದ್ದರಿಂದ ಪ್ರತಿಯೊಂದು ಸಂಖ್ಯೆಯೂ O(1). ನಗು ಬರುವಂತಿದ್ದರೂ, ಮರ್ಜ್ ಸಾರ್ಟ್‌ನ ಸುಳ್ಳು ಸಾಧನೆಗೂ ಇದಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ. ಎರಡು O(1)ಗಳನ್ನು ಕೂಡಿಸಬಹುದು, ಹತ್ತನ್ನೂ ಕೂಡಿಸಬಹುದು. Nರಷ್ಟನ್ನು ಕೂಡಿಸಿ O(1) ಎನ್ನುವಂತಿಲ್ಲ. O ಚಿಹ್ನೆ ತನ್ನ ಹೊಟ್ಟೆಯೊಳಗಿನ cಯನ್ನು ಮರೆಮಾಡುತ್ತದೆ, ಹಾಗಾಗಿ ಅದು ಬೆಳೆಯುತ್ತಿರುವುದು ಹೊರಗೆ ಕಾಣುವುದಿಲ್ಲ. ಇದರಿಂದಲೇ ಅನುಗಮನದ ಒಳಗೆ O ಬರೆಯಬಾರದು ಎಂಬ ಕಟ್ಟುನಿಟ್ಟಾದ ರೂಢಿ ಇದೆ. cಯನ್ನು ಬಿಡಿಸಿ ಬರೆಯಬೇಕು. O ಬರುವುದು ಎಲ್ಲ ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ.

ಸರಿಯಾದ ಸಾಧನೆ ಹೀಗೆ ನಡೆಯುತ್ತದೆ. T(n) ≤ 2n log₂ n ಎಂದು ಊಹಿಸಿದರೆ, n/2ರ ಲಾಗ್ ಒಂದು ಕಡಿಮೆಯಾದ್ದರಿಂದ T(n) ≤ 2·2·(n/2)·(log₂ n − 1) + n = 2n log₂ n − 2n + n. ಇದು 2n log₂ nಗಿಂತ n ಕಡಿಮೆ. ಊಹಿಸಿದ್ದೇ ಮರಳಿ ಬಂತು, ಅದೇ 2ರೊಂದಿಗೆ. ಇನ್ನು ಬುಡ. n = 1 ಇಟ್ಟರೆ ಬಲಗಡೆ ಸೊನ್ನೆ, ಏಕೆಂದರೆ 1ರ ಲಾಗ್ ಸೊನ್ನೆ; T(1) ಮಾತ್ರ 1. ಅಸಮಾನತೆ ಅಲ್ಲಿ ನಿಲ್ಲುವುದಿಲ್ಲ. ಅನೇಕರು ಇಲ್ಲಿ ಗಾಬರಿಯಾಗಿ ಊಹೆಯನ್ನೇ ಬಿಟ್ಟುಬಿಡುತ್ತಾರೆ, ಇನ್ನು ಕೆಲವರು ಬುಡವನ್ನು ನೋಡುವುದೇ ಇಲ್ಲ. ಎರಡೂ ಬೇಡ. n₀ ಇರುವುದೇ ಇಂಥ ಕಡೆಗೆ: n = 2ರಿಂದ ಆರಂಭಿಸಿದರೆ T(2) = 4, ಬಲಗಡೆಯೂ 4, ನಿಂತಿತು. ಕೆಳಮಿತಿಗೆ T(n) ≥ n log₂ n ಎಂದು ಊಹಿಸಿದರೆ 2·(n/2)·(log₂ n − 1) + n = n log₂ n, ಸರಿಯಾಗಿ ಅಷ್ಟೇ. ಇಲ್ಲಿ n = 1ರಲ್ಲೇ ಬುಡ ನಿಲ್ಲುತ್ತದೆ. ಎರಡೂ ಸೇರಿ Θ(n log n).

ಊಹೆ ಸರಿಯಿದ್ದೂ ಸಾಧನೆ ಕೈಕೊಡುವ ಸಂದರ್ಭವೂ ಇದೆ. ಕಟ್ಟನ್ನು ಒಂದೊಂದೇ ಪತ್ರಿಕೆ ಉಳಿಯುವವರೆಗೆ ಅರ್ಧರ್ಧ ಮಾಡುತ್ತ ಹೋಗುವಾಗ ಫಂಕ್ಷನ್ ಒಟ್ಟು ಎಷ್ಟು ಸಲ ಕರೆಯಲ್ಪಡುತ್ತದೆ ಎಂದು ಎಣಿಸಿದರೆ T(n) = 2T(n/2) + 1, T(1) = 1. ಬೆಲೆಗಳು 1, 3, 7, 15: ಖಚಿತವಾಗಿ O(n). ಆದರೆ T(n) ≤ cn ಎಂದು ಊಹಿಸಿದರೆ ಬರುವುದು cn + 1. c ಎಷ್ಟೇ ದೊಡ್ಡದಿಟ್ಟರೂ ಆ ಒಂದು ಹೋಗುವುದಿಲ್ಲ. ‘ಒಂದು ತಾನೇ, ಬಿಡಿ’ ಎಂದು ಬರೆದರೆ ಮತ್ತೆ ಮೊದಲಿನ ತಪ್ಪೇ, ಈ ಸಲ ಉತ್ತರ ಅದೃಷ್ಟಕ್ಕೆ ಸರಿ. ಪರಿಹಾರ ಸ್ವಲ್ಪ ವಿಚಿತ್ರ: ಊಹೆಯನ್ನು ಇನ್ನೂ ಬಿಗಿ ಮಾಡಬೇಕು. T(n) ≤ 2n − 1 ಎಂದಿಟ್ಟರೆ 2(n − 1) + 1 = 2n − 1, ಹಾಗೇ ಮರಳಿ ಬರುತ್ತದೆ. ಹೆಚ್ಚಿನದನ್ನು ಸಾಧಿಸುವುದು ಕಡಿಮೆಯದನ್ನು ಸಾಧಿಸುವುದಕ್ಕಿಂತ ಸುಲಭವಾಗುವುದು ಅನುಗಮನದಲ್ಲಿ ಮಾತ್ರ, ಏಕೆಂದರೆ ಬಿಗಿಯಾದ ಊಹೆ ಎರಡೂ ಪಾಲುಗಳಿಂದ ತಲಾ ಒಂದನ್ನು ಉಳಿಸಿಕೊಡುತ್ತದೆ, ಖರ್ಚಾಗುವುದು ಒಂದೇ.

ಒಂದು ಸಾಧನೆ ಅನುಮಾನ ಹುಟ್ಟಿಸಿದರೆ ಪರೀಕ್ಷಿಸುವ ದಾರಿ ಎರಡು. f(n)ಅನ್ನು g(n)ನಿಂದ ಭಾಗಿಸಿ, nಅನ್ನು ಎರಡರಷ್ಟು ಮಾಡುತ್ತ ಹತ್ತು-ಹನ್ನೆರಡು ಬೆಲೆ ಬರೆದು ನೋಡುವುದು ಒಂದು. 1, 2, 3, 4 ಎಂದು ನಿಲ್ಲದೆ ಏರುತ್ತಿದ್ದರೆ O ಸುಳ್ಳಿರಬಹುದು, ಸೊನ್ನೆಯತ್ತ ಇಳಿಯುತ್ತಿದ್ದರೆ Ω ಸುಳ್ಳಿರಬಹುದು. ಇದು ಸುಳಿವು ಮಾತ್ರ, ಸಾಧನೆಯಲ್ಲ. Log log nನಂಥವು ಅಷ್ಟು ನಿಧಾನ ಏರುವುದರಿಂದ ಹತ್ತು ಬೆಲೆಗಳಲ್ಲಿ ಕಣ್ಣಿಗೆ ಬೀಳವು. ಎರಡನೆಯದು ಖಚಿತ: ಸಾಧನೆಯಲ್ಲಿರುವ ಪ್ರತಿ Oಅನ್ನೂ ಅಳಿಸಿ ಅದರ ಜಾಗದಲ್ಲಿ ಒಂದು ಅಂಕಿ ಬರೆಯುವುದು. ಬರೆಯಲಾಗದ ಕಡೆ, ಅಥವಾ ಒಂದೇ cಗೆ ಎರಡು ಬೇರೆ ಅಂಕಿ ಬೇಕಾದ ಕಡೆ, ತಪ್ಪು ಇರುವುದು ಅಲ್ಲೇ.

ಎಲ್ಲವೂ ಸರಿಯಾಗಿ ಸಾಧಿತವಾದ ಮೇಲೂ ಈ ಗುರುತುಗಳು ಹೇಳದೆ ಬಿಡುವ ಒಂದು ವಿಷಯ ಉಳಿಯುತ್ತದೆ: n₀ ಎಷ್ಟು ದೂರದಲ್ಲಿದೆ, c ಎಷ್ಟು ದೊಡ್ಡದು ಎಂಬುದು. Θ(n²)ನ ಇನ್ಸರ್ಷನ್ ಸಾರ್ಟ್ Θ(n log n)ನ ಮರ್ಜ್ ಸಾರ್ಟ್‌ಗೆ ಸೋಲುವುದು n ಸಾಕಷ್ಟು ದೊಡ್ಡದಾದ ಮೇಲೆ. ಚಿಕ್ಕ ಕಟ್ಟಿನಲ್ಲಿ ಪಾಲು ಮಾಡುವ, ಹೆಣೆಯುವ ಖರ್ಚೇ ಹೆಚ್ಚು. ಪೈಥಾನ್ ಭಾಷೆಗಾಗಿ ಟಿಮ್ ಪೀಟರ್ಸ್ 2002ರಲ್ಲಿ ಬರೆದ ಟಿಮ್‌ಸಾರ್ಟ್ ದೊಡ್ಡ ಪಟ್ಟಿಗಳನ್ನು ಹೆಣೆದು ಜೋಡಿಸುತ್ತದೆ, ಕೆಲವೇ ಹತ್ತುಗಳ ಚಿಕ್ಕ ತುಣುಕುಗಳನ್ನು ಮಾತ್ರ ಇನ್ಸರ್ಷನ್ ಸಾರ್ಟ್‌ಗೇ ಒಪ್ಪಿಸುತ್ತದೆ.